ಪರೀಕ್ಷಾ ಪೋರ್ಟಲ್ ಲಾಗಿನ್ ಆಗ್ತಿಲ್ವಾ? ರೋಲ್ ನಂಬರ್, ಹುಟ್ಟಿದ ದಿನಾಂಕ, ಯೂಸರ್‌ನೇಮ್ ಒಂದೊಂದಾಗಿ ಸರಿ ಮಾಡುವ ಬಗೆ

ಪರೀಕ್ಷಾ ವಿಭಾಗದಲ್ಲಿ ಕೂತು ವಿದ್ಯಾರ್ಥಿಗಳ ಲಾಗಿನ್ ದೂರುಗಳನ್ನು ನೋಡುವ ಕೆಲಸ ನಾನು ಹಲವು ವರ್ಷ ಮಾಡಿದ್ದೇನೆ. ಬಂದವರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: "ಎಲ್ಲಾ ಸರಿಯಾಗೇ ಹಾಕಿದ್ದೀನಿ ಸರ್, ಆದ್ರೂ ತಗೋತಿಲ್ಲ." ಅವರು ಸುಳ್ಳು ಹೇಳುತ್ತಿರಲಿಲ್ಲ. ಹಾಲ್ ಟಿಕೆಟ್‌ನಲ್ಲಿ ಇದ್ದದ್ದನ್ನೇ ಹಾಕಿರುತ್ತಿದ್ದರು. ಆದರೆ ಹಾಲ್ ಟಿಕೆಟ್‌ನಲ್ಲಿ ಅಚ್ಚಾದದ್ದು, ಬಾಕ್ಸ್‌ನಲ್ಲಿ ಟೈಪ್ ಆದದ್ದು, ಪೋರ್ಟಲ್‌ನ ಒಳಗೆ ದಾಖಲಾಗಿರುವುದು, ಇವು ಮೂರೂ ಬೇರೆ ಬೇರೆ ಆಗಿರಬಹುದು. ಲಾಗಿನ್ ಆಗದಿದ್ದರೆ ಈ ಮೂರರಲ್ಲಿ ಯಾವುದು ಎಲ್ಲಿ ತಪ್ಪಿದೆ ಎಂದು ಹುಡುಕಬೇಕು.

ಪೋರ್ಟಲ್ ಲಾಗಿನ್ ಮಾಡಿಸುವುದು ಬಹಳ ಸರಳವಾದ ರೀತಿಯಲ್ಲಿ. ನೀವು ಹಾಕಿದ ರೋಲ್ ನಂಬರನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ, ಆ ಸಾಲಿನಲ್ಲಿರುವ ಹುಟ್ಟಿದ ದಿನಾಂಕವನ್ನೋ ಪಾಸ್‌ವರ್ಡನ್ನೋ ನೀವು ಹಾಕಿದ್ದರ ಜೊತೆ ಹೋಲಿಸುತ್ತದೆ. ರೋಲ್ ನಂಬರ್ ಅನ್ನುವುದು ನಮಗೆ ಸಂಖ್ಯೆ. ಹೆಚ್ಚಿನ ಪೋರ್ಟಲ್‌ಗಳಿಗೆ ಅದು ಅಕ್ಷರಗಳ ಸಾಲು. ಅಂದರೆ `0512044` ಮತ್ತು `512044` ನಮ್ಮ ಕಣ್ಣಿಗೆ ಒಂದೇ ಸಂಖ್ಯೆ, ಪೋರ್ಟಲ್‌ಗೆ ಎರಡು ಬೇರೆ ಬೇರೆ ವಿದ್ಯಾರ್ಥಿಗಳು.

ಮೊದಲು ಕೈ ನಿಲ್ಲಿಸಿ, ತಪ್ಪಿನ ಸಂದೇಶ ಓದಿ

ಲಾಗಿನ್ ಆಗಲಿಲ್ಲ ಎಂದ ತಕ್ಷಣ ಎಲ್ಲರೂ ಮಾಡುವುದು ಅದೇ ಬಟನ್ ಮತ್ತೆ ಮತ್ತೆ ಒತ್ತುವುದು. ಇದನ್ನು ಮಾಡಬೇಡಿ. ಬಹಳಷ್ಟು ಪೋರ್ಟಲ್‌ಗಳು ಕೆಲವೇ ತಪ್ಪು ಪ್ರಯತ್ನಗಳ ನಂತರ ಖಾತೆಯನ್ನು ಸ್ವಲ್ಪ ಹೊತ್ತು ಲಾಕ್ ಮಾಡುತ್ತವೆ. ಒಮ್ಮೆ ಲಾಕ್ ಆದರೆ ಆಮೇಲೆ ಸರಿಯಾದ ವಿವರ ಹಾಕಿದರೂ ಒಳಗೆ ಬಿಡುವುದಿಲ್ಲ. ಆಗ ನೀವು ಸರಿಯಾದದ್ದನ್ನೇ ತಪ್ಪು ಅಂದುಕೊಂಡು ಬಿಟ್ಟುಬಿಡುತ್ತೀರಿ. ಹಾಗಾಗಿ ಎರಡು ಸಲ ತಪ್ಪಾದರೆ ನಿಲ್ಲಿಸಿ.

ಈಗ ಪರದೆ ಮೇಲೆ ಬಂದ ಸಂದೇಶವನ್ನು ಅಕ್ಷರ ಅಕ್ಷರ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. `Record not found` ಅಥವಾ `Invalid Roll Number` ಎಂದಿದ್ದರೆ ನಿಮ್ಮ ನಂಬರೇ ಪಟ್ಟಿಯಲ್ಲಿ ಸಿಗಲಿಲ್ಲ ಎಂದರ್ಥ. ಹುಟ್ಟಿದ ದಿನಾಂಕದ ವಿಷಯಕ್ಕೆ ಅದು ಇನ್ನೂ ಬಂದೇ ಇಲ್ಲ. `Date of Birth does not match` ಎಂದಿದ್ದರೆ ನಂಬರ್ ಸಿಕ್ಕಿದೆ, ದಿನಾಂಕದಲ್ಲಿ ಮಾತ್ರ ತಕರಾರು. ಕೆಲವು ಪೋರ್ಟಲ್‌ಗಳು ಏನೇ ತಪ್ಪಾದರೂ `Invalid Credentials` ಎಂದಷ್ಟೇ ಹೇಳುತ್ತವೆ. ಯಾವ ನಂಬರ್ ನಿಜವಾಗಿ ಇದೆ ಎಂದು ಬೇರೆಯವರು ಪತ್ತೆ ಹಚ್ಚಬಾರದು ಎಂದು ಬೇಕಂತಲೇ ಹಾಗೆ ಮಾಡಿರುತ್ತಾರೆ. ಅಂಥ ಕಡೆ ಮಾತ್ರ ನೀವು ಎರಡನ್ನೂ ಅನುಮಾನಿಸಬೇಕು.

ಇನ್ನು `502`, `503`, `504` ಎಂಬ ಸಂಖ್ಯೆಗಳು ಬಂದರೆ ಅಥವಾ ಪುಟ ತೆರೆಯದೆ ಸುತ್ತುತ್ತಲೇ ಇದ್ದರೆ ಅದು ಸರ್ವರ್‌ನ ಸಮಸ್ಯೆ. ಫಲಿತಾಂಶದ ದಿನ ಇದು ಜಾಸ್ತಿ. ನಿಮ್ಮ ವಿವರಗಳನ್ನು ಮುಟ್ಟಬೇಡಿ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಕ್ಯಾಪ್ಚಾ ತಪ್ಪಾಗಿದ್ದರೂ ಕೆಲವು ಪೋರ್ಟಲ್‌ಗಳು ಪೂರ್ತಿ ಲಾಗಿನ್ ತಪ್ಪು ಎಂಬಂತೆ ಸಂದೇಶ ಕೊಡುತ್ತವೆ. ಪ್ರತಿ ಪ್ರಯತ್ನಕ್ಕೂ ಹೊಸ ಕ್ಯಾಪ್ಚಾ ಬರುತ್ತದೆ, ಹಳೆಯದು ನಡೆಯುವುದಿಲ್ಲ ಎಂಬುದು ನೆನಪಿರಲಿ.

ರೋಲ್ ನಂಬರ್: ಮೊದಲು ಅದು ಸರಿಯಾದ ನಂಬರೇ?

ಒಬ್ಬ ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೂರು ನಾಲ್ಕು ನಂಬರ್ ಇರುತ್ತವೆ. ಅರ್ಜಿ ಹಾಕಿದಾಗ ಸಿಗುವುದು ಅರ್ಜಿ ಸಂಖ್ಯೆ. ಕೋರ್ಸಿಗೆ ಸೇರಿದಾಗ ಸಿಗುವುದು ರಿಜಿಸ್ಟರ್ ನಂಬರ್, ಇದು ಕೋರ್ಸ್ ಮುಗಿಯುವವರೆಗೂ ಬದಲಾಗುವುದಿಲ್ಲ. ಪರೀಕ್ಷೆಗೆ ಕೂರುವಾಗ ಸಿಗುವುದು ರೋಲ್ ನಂಬರ್, ಇದು ಎಷ್ಟೋ ಕಡೆ ಪ್ರತಿ ಪರೀಕ್ಷೆಗೂ ಬೇರೆ. ಇವಲ್ಲದೆ ತರಗತಿಯ ಹಾಜರಿ ಪುಸ್ತಕದಲ್ಲಿರುವ ನಂಬರನ್ನೂ ರೋಲ್ ನಂಬರ್ ಎಂದೇ ಕರೆಯುತ್ತೇವೆ. "ನನ್ನ ರೋಲ್ ನಂಬರ್ 23" ಎಂದು ಅದನ್ನೇ ಪೋರ್ಟಲ್‌ಗೆ ಹಾಕಿದವರನ್ನು ನಾನು ನೋಡಿದ್ದೇನೆ. ತಪ್ಪೇನಲ್ಲ, ಹೆಸರು ಒಂದೇ ಆದರೆ ಹಾಗಾಗುತ್ತದೆ.

ಆದ್ದರಿಂದ ಬಾಕ್ಸ್‌ನ ಮೇಲೆ ಬರೆದಿರುವ ಹೆಸರನ್ನು ನೋಡಿ, ಹಾಲ್ ಟಿಕೆಟ್‌ನಲ್ಲಿ ಅದೇ ಹೆಸರಿನ ಮುಂದೆ ಇರುವ ನಂಬರನ್ನು ತೆಗೆದುಕೊಳ್ಳಿ. ಬಾಕ್ಸ್‌ನ ಒಳಗೆ ತಿಳಿ ಬಣ್ಣದಲ್ಲಿ ಒಂದು ಉದಾಹರಣೆ ಇದ್ದರೆ ಅದೇ ನಿಮಗೆ ದೊಡ್ಡ ಸುಳಿವು. ಅದರಲ್ಲಿ ಎಷ್ಟು ಅಕ್ಷರ ಇವೆ, ಗೀಟು ಇದೆಯೇ, ಇಂಗ್ಲಿಷ್ ಅಕ್ಷರ ಇದೆಯೇ ಎಂದು ಎಣಿಸಿ ನೋಡಿ. ನಿಮ್ಮ ನಂಬರಿನ ಅಕ್ಷರಗಳನ್ನೂ ಎಣಿಸಿ. ಎರಡೂ ಹೊಂದದಿದ್ದರೆ ನೀವು ಹಿಡಿದಿರುವುದು ಬೇರೆ ನಂಬರ್.

ಸರಿಯಾದ ನಂಬರೇ ಆದರೂ ಸಿಗುತ್ತಿಲ್ಲ ಎಂದರೆ

ನಂಬರನ್ನು ಎಲ್ಲಿಂದಲೋ ಕಾಪಿ ಮಾಡಿ ಪೇಸ್ಟ್ ಮಾಡಿದ್ದರೆ ಮೊದಲು ಅದನ್ನೇ ಅನುಮಾನಿಸಿ. ಪಿಡಿಎಫ್‌ನಿಂದಲೋ ವಾಟ್ಸಾಪ್‌ನಿಂದಲೋ ಕಾಪಿ ಮಾಡುವಾಗ ಹಿಂದೆ ಮುಂದೆ ಒಂದು ಖಾಲಿ ಜಾಗ ಸೇರಿಕೊಂಡು ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಕೆಲವು ಪೋರ್ಟಲ್ ತಾನೇ ಅದನ್ನು ತೆಗೆದುಹಾಕುತ್ತದೆ, ಕೆಲವು ತೆಗೆಯುವುದಿಲ್ಲ. ನಂಬರಿನ ನಡುವೆ ಗೀಟು ಇದ್ದರೆ ಇನ್ನೊಂದು ತೊಂದರೆ. ಪಿಡಿಎಫ್‌ನಲ್ಲಿ ಆ ಗೀಟು ಸ್ವಲ್ಪ ಉದ್ದನೆಯ ಬೇರೆ ಗೀಟಾಗಿರಬಹುದು. ಕೀಬೋರ್ಡ್‌ನಲ್ಲಿ ಸಿಗುವ ಗೀಟಿಗೂ ಅದಕ್ಕೂ ಪೋರ್ಟಲ್‌ನ ಲೆಕ್ಕದಲ್ಲಿ ಸಂಬಂಧವಿಲ್ಲ.

ಪೇಸ್ಟ್ ಮಾಡುವಾಗ ಆಗುವ ಇನ್ನೊಂದು ಎಡವಟ್ಟು ಹೆಚ್ಚು ಜನರಿಗೆ ಗೊತ್ತಿಲ್ಲ. ಬಾಕ್ಸ್‌ಗೆ ಇಂತಿಷ್ಟೇ ಅಕ್ಷರ ಎಂಬ ಮಿತಿ ಇರುತ್ತದೆ. ಏಳು ಅಕ್ಷರದ ಬಾಕ್ಸ್‌ಗೆ ಮೊದಲಲ್ಲಿ ಖಾಲಿ ಜಾಗ ಇರುವ ಏಳಂಕಿ ನಂಬರ್ ಪೇಸ್ಟ್ ಮಾಡಿದರೆ ಒಟ್ಟು ಎಂಟಾಯಿತಲ್ವಾ? ಬ್ರೌಸರ್ ಏನೂ ಹೇಳದೆ ಕೊನೆಯ ಅಂಕಿಯನ್ನು ಕತ್ತರಿಸಿಬಿಡುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು: ನಂಬರನ್ನು ಕೈಯಲ್ಲೇ ಟೈಪ್ ಮಾಡಿ, ಆಮೇಲೆ ಬಾಕ್ಸ್‌ನಲ್ಲಿ ಕಾಣುವ ಕೊನೆಯ ಅಂಕಿಯನ್ನು ಹಾಲ್ ಟಿಕೆಟ್‌ನ ಕೊನೆಯ ಅಂಕಿಯ ಜೊತೆ ಹೊಂದಿಸಿ ನೋಡಿ.

ಮೊಬೈಲ್‌ನಲ್ಲಿ ಟೈಪ್ ಮಾಡುವಾಗಲೂ ಎರಡು ವಿಷಯ ಗಮನಿಸಿ. ಕೀಬೋರ್ಡ್‌ನ ಮೇಲೆ ಬರುವ ಸಲಹೆಯನ್ನು ಒತ್ತಿ ನಂಬರ್ ತುಂಬಿದರೆ ಅದರ ಹಿಂದೆ ಒಂದು ಖಾಲಿ ಜಾಗ ತಾನಾಗೇ ಬರಬಹುದು. ಇನ್ನೊಂದು, ಕೀಬೋರ್ಡ್ ಕನ್ನಡದಲ್ಲಿದ್ದರೆ ಅಂಕಿಗಳೂ ಕನ್ನಡದಲ್ಲೇ ಬರಬಹುದು. ಬೇರೆ ಅಂಕಿಗಳಾದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಕನ್ನಡದ ಸೊನ್ನೆ ಮಾತ್ರ ಮೋಸ ಮಾಡುತ್ತದೆ. ಅದು ಇಂಗ್ಲಿಷ್ ಸೊನ್ನೆಯ ಹಾಗೇ, ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ.

```
೦   ಕನ್ನಡದ ಸೊನ್ನೆ
0   ಇಂಗ್ಲಿಷ್ ಸೊನ್ನೆ
O   ಇಂಗ್ಲಿಷ್ ಅಕ್ಷರ ಓ
```

ಈ ಮೂರೂ ಪೋರ್ಟಲ್‌ಗೆ ಮೂರು ಬೇರೆ ಅಕ್ಷರಗಳು. ಮೊದಲನೆಯದನ್ನು ತಪ್ಪಿಸಲು ಕೀಬೋರ್ಡನ್ನು ಇಂಗ್ಲಿಷ್‌ಗೆ ಬದಲಿಸಿದರೆ ಸಾಕು. ಎರಡನೆಯದು ಮತ್ತು ಮೂರನೆಯದರ ಗೊಂದಲ ಹಾಲ್ ಟಿಕೆಟ್‌ನ ಅಚ್ಚಿನಿಂದ ಬರುತ್ತದೆ. ಇದನ್ನು ಬಿಡಿಸಲು ಒಂದು ಒಳ್ಳೆಯ ಉಪಾಯ ಇದೆ. ಹಾಲ್ ಟಿಕೆಟ್‌ನ ಪಿಡಿಎಫ್ ತೆರೆದು ಅದರಲ್ಲಿ ಹುಡುಕುವ ಸೌಲಭ್ಯ ಬಳಸಿ `0` ಎಂಬ ಅಂಕಿಯನ್ನು ಹುಡುಕಿ. ನಿಮಗೆ ಅನುಮಾನ ಇರುವ ಅಕ್ಷರದ ಮೇಲೆ ಬಣ್ಣ ಬಿದ್ದರೆ ಅದು ಸೊನ್ನೆ. ಬೀಳದಿದ್ದರೆ `O` ಎಂದು ಹುಡುಕಿ ನೋಡಿ. `1` ಮತ್ತು `I` ನಡುವಿನ ಗೊಂದಲಕ್ಕೂ ಇದೇ ದಾರಿ. ಪಿಡಿಎಫ್ ಸ್ಕ್ಯಾನ್ ಮಾಡಿದ್ದಾದರೆ ಈ ಉಪಾಯ ನಡೆಯುವುದಿಲ್ಲ. ಆಗ ಪಕ್ಕದ ನಂಬರಿನ ಗೆಳೆಯರ ನಂಬರ್ ನೋಡಿ. ಯಾವ ಜಾಗದಲ್ಲಿ ಎಲ್ಲರಿಗೂ ಅಕ್ಷರ ಬಂದಿದೆ, ಯಾವ ಜಾಗದಿಂದ ಅಂಕಿ ಏರುತ್ತಾ ಹೋಗಿದೆ ಎಂದು ಎರಡು ಮೂರು ನಂಬರ್ ಒಟ್ಟಿಗಿಟ್ಟರೆ ತಿಳಿಯುತ್ತದೆ.

ಮುಂದಿನ ಸೊನ್ನೆ ಎಲ್ಲಿ ಹೋಯಿತು?

ಕೈಯಲ್ಲೇ ಸರಿಯಾಗಿ ಟೈಪ್ ಮಾಡಿದರೂ `Record not found` ಬರುತ್ತಿದ್ದರೆ, ತಪ್ಪು ಪೋರ್ಟಲ್‌ನ ಒಳಗೇ ಇರಬಹುದು. ನಿಮ್ಮ ನಂಬರ್ ಅಲ್ಲಿಗೆ ಹೇಗೆ ಹೋಯಿತು ಎಂಬುದನ್ನು ತಿಳಿದರೆ ಇದು ಅರ್ಥವಾಗುತ್ತದೆ. ಶಾಲೆ ಅಥವಾ ಕಾಲೇಜಿನ ಕಚೇರಿಯಲ್ಲಿ ವಿದ್ಯಾರ್ಥಿಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಯಾರಿಸಿ ಪೋರ್ಟಲ್‌ಗೆ ಅಪ್‌ಲೋಡ್ ಮಾಡುತ್ತಾರೆ. ಎಕ್ಸೆಲ್‌ಗೆ ಬರೀ ಅಂಕಿ ಕಂಡರೆ ಅದು ಸಂಖ್ಯೆ ಎಂದೇ ಲೆಕ್ಕ. ಸಂಖ್ಯೆಗೆ ಮುಂದಿನ ಸೊನ್ನೆ ಬೇಡ ಎಂದು ಅದನ್ನು ತೆಗೆದುಹಾಕುತ್ತದೆ. `0512044` ಎಂದು ಬರೆದದ್ದು `512044` ಆಗಿ ಪೋರ್ಟಲ್ ಸೇರುತ್ತದೆ. ಹಾಗಾಗಿ ನಂಬರ್ ಸೊನ್ನೆಯಿಂದ ಶುರುವಾಗುತ್ತಿದ್ದರೆ ಒಂದು ಸಲ ಸೊನ್ನೆ ಬಿಟ್ಟು ಹಾಕಿ ನೋಡಬಹುದು.

ಉದ್ದದ ನಂಬರಾದರೆ ಹಾನಿ ಇನ್ನೂ ದೊಡ್ಡದು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಸರಿಯಾಗಿ ಉಳಿಸಿಕೊಳ್ಳುತ್ತದೆ. 16ನೆಯ ಅಂಕಿಯಿಂದ ಆಚೆಗೆ ಎಲ್ಲವೂ ಸೊನ್ನೆ. ನಿಮ್ಮ ನಂಬರ್ 16 ಅಂಕಿಯದ್ದಾಗಿದ್ದರೆ, ಕೊನೆಯ ಅಂಕಿ ಮಾತ್ರ ಬೇರೆಯಿರುವ ಹತ್ತು ವಿದ್ಯಾರ್ಥಿಗಳಿಗೂ ಪೋರ್ಟಲ್‌ನಲ್ಲಿ ಒಂದೇ ನಂಬರ್ ಆಗಿಬಿಡುತ್ತದೆ. ಇದನ್ನು ನೀವು ಏನು ಟೈಪ್ ಮಾಡಿದರೂ ಸರಿಪಡಿಸಲಾಗದು. ಕಚೇರಿಯವರು ಆ ಕಾಲಂ ಅನ್ನು ಟೆಕ್ಸ್ಟ್ ಮಾದರಿಗೆ ಬದಲಿಸಿ, ನಂಬರುಗಳನ್ನು ಮೂಲ ಪಟ್ಟಿಯಿಂದ ಮತ್ತೆ ತುಂಬಿ ಅಪ್‌ಲೋಡ್ ಮಾಡಬೇಕು.

ಹುಟ್ಟಿದ ದಿನಾಂಕ: ಕಾಣುವುದೊಂದು, ಹೋಗುವುದೊಂದು

ದಿನಾಂಕದ ತೊಂದರೆ ರೋಲ್ ನಂಬರಿಗಿಂತ ಹೆಚ್ಚು ಸತಾಯಿಸುತ್ತದೆ. ಕಾರಣ, ತಪ್ಪು ದಿನಾಂಕವೂ ಸರಿಯಾದ ದಿನಾಂಕದ ಹಾಗೇ ಕಾಣುತ್ತದೆ.

ನವೆಂಬರ್ 4 ಅನ್ನು ನಾವು 04/11 ಎಂದು ಬರೆಯುತ್ತೇವೆ. ತಿಂಗಳನ್ನು ಮೊದಲು ಬರೆಯುವವರಿಗೆ ಅದೇ 04/11 ಏಪ್ರಿಲ್ 11. ದಿನ 13 ಅಥವಾ ಅದಕ್ಕಿಂತ ಮುಂದಿನದಾದರೆ ಗೊಂದಲವಿಲ್ಲ, 25ನೇ ತಿಂಗಳು ಇಲ್ಲವಲ್ಲ. ದಿನ 1ರಿಂದ 12ರ ಒಳಗಿದ್ದರೆ ಮಾತ್ರ ಅದಲುಬದಲಾಗುತ್ತದೆ. ಲೆಕ್ಕ ಹಾಕಿದರೆ ವರ್ಷದಲ್ಲಿ ಅಂಥ ದಿನಗಳು 144. ಅವುಗಳಲ್ಲಿ 01/01, 02/02ರಂಥ 12 ದಿನ ತಿರುಗಿಸಿದರೂ ಅದೇ. ಉಳಿದ 132 ದಿನಗಳಲ್ಲಿ ಹುಟ್ಟಿದವರಿಗೆ ಈ ಅಪಾಯ ಇದ್ದೇ ಇದೆ. ಅಂದರೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ.

ಇಲ್ಲಿ ಬ್ರೌಸರ್‌ನ ಪಾತ್ರವೂ ಇದೆ. ಕ್ಯಾಲೆಂಡರ್ ಚಿತ್ರವಿರುವ ದಿನಾಂಕದ ಬಾಕ್ಸ್‌ಗಳಲ್ಲಿ ಎಷ್ಟೋ ಬಾಕ್ಸ್‌ಗಳು ಪೋರ್ಟಲ್‌ನವರು ಬರೆದದ್ದಲ್ಲ, ಬ್ರೌಸರ್ ತಾನೇ ಕೊಡುವಂಥದ್ದು. ಅದರಲ್ಲಿ ದಿನ ಮೊದಲೋ ತಿಂಗಳು ಮೊದಲೋ ಎಂಬುದು ನಿಮ್ಮ ಬ್ರೌಸರ್‌ನ ಅಥವಾ ಫೋನಿನ ಭಾಷೆಯ ಸೆಟ್ಟಿಂಗ್ ಮೇಲೆ ನಿಂತಿದೆ. ಭಾಷೆ `English (United States)` ಎಂದಿದ್ದರೆ `mm/dd/yyyy` ಎಂದು ತೋರಿಸುತ್ತದೆ. ನೀವು ಎಂದಿನಂತೆ ದಿನವನ್ನು ಮೊದಲು ಒತ್ತುತ್ತೀರಿ, ಅದು ತಿಂಗಳಾಗಿ ಕೂರುತ್ತದೆ. ಒಳಗಿನಿಂದ ಸರ್ವರ್‌ಗೆ ಹೋಗುವುದು ಮಾತ್ರ ಯಾವ ಭಾಷೆಯಾದರೂ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿ:

```
2007-11-04
```

ಆದ್ದರಿಂದ ಬಾಕ್ಸ್‌ನಲ್ಲಿ ಅಂಕಿ ಒತ್ತುವ ಬದಲು ಕ್ಯಾಲೆಂಡರ್ ತೆರೆಯಿರಿ. ಅದರಲ್ಲಿ ತಿಂಗಳ ಹೆಸರು ಅಕ್ಷರದಲ್ಲಿ ಇರುತ್ತದೆ, ನವೆಂಬರ್ ಎಂದು ಓದಿಕೊಂಡೇ ಆರಿಸಬಹುದು. ಹಿಂದಿನ ತಿಂಗಳ ಬಾಣವನ್ನು ನೂರಾರು ಸಲ ಒತ್ತುವ ಅಗತ್ಯವಿಲ್ಲ. ಮೇಲೆ ಕಾಣುವ ವರ್ಷದ ಮೇಲೆ ಒತ್ತಿದರೆ ವರ್ಷಗಳ ಪಟ್ಟಿ ಬರುತ್ತದೆ. ವರ್ಷವನ್ನು ಕಡೆಯಲ್ಲಿ ಇನ್ನೊಮ್ಮೆ ನೋಡಿ. ಅವಸರದಲ್ಲಿ ದಿನ ತಿಂಗಳು ಆರಿಸಿ ವರ್ಷವನ್ನು ಈ ವರ್ಷವೇ ಬಿಟ್ಟಿರುವುದು ತುಂಬಾ ಸಾಮಾನ್ಯ. ಟೈಪ್ ಮಾಡಲೇಬೇಕಾದರೆ ವರ್ಷದ ನಾಲ್ಕೂ ಅಂಕಿ ಹಾಕಿ. ಕ್ರೋಮ್‌ನ ಬಾಕ್ಸ್‌ನಲ್ಲಿ `07` ಎಂದಷ್ಟೇ ಹಾಕಿದರೆ ಅದು 2007 ಆಗುವುದಿಲ್ಲ, `0007` ಆಗುತ್ತದೆ.

ಕ್ಯಾಲೆಂಡರ್ ಇಲ್ಲದೆ ಬರೀ ಖಾಲಿ ಬಾಕ್ಸ್ ಇದ್ದರೆ, ಅಥವಾ ಹುಟ್ಟಿದ ದಿನಾಂಕವೇ ಮೊದಲ ಪಾಸ್‌ವರ್ಡ್ ಎಂದು ಹೇಳಿದ್ದರೆ, ಮಾದರಿ ಬರೆದಿರುವುದನ್ನು ಹುಡುಕಿ. `DDMMYYYY` ಎಂದಿದ್ದರೆ ಓರೆಗೆರೆ, ಗೀಟು ಯಾವುದೂ ಬೇಡ, ಒಟ್ಟು ಎಂಟು ಅಂಕಿ: `04112007`. ಒಂದಂಕಿಯ ದಿನ ಮತ್ತು ತಿಂಗಳ ಮುಂದೆ ಸೊನ್ನೆ ಬೇಕೇ ಬೇಕು. ಇನ್ನೊಂದು ಮಾತು. ಮೊದಲ ಸಲ ಒಳಗೆ ಹೋದಾಗ ಹೊಸ ಪಾಸ್‌ವರ್ಡ್ ಇಟ್ಟುಕೊಂಡಿದ್ದರೆ ಆಮೇಲೆ ಹುಟ್ಟಿದ ದಿನಾಂಕ ಪಾಸ್‌ವರ್ಡ್ ಆಗಿ ನಡೆಯುವುದಿಲ್ಲ. ಹೋದ ವರ್ಷ ಇಟ್ಟ ಪಾಸ್‌ವರ್ಡ್ ಮರೆತು ಈ ವರ್ಷ ದಿನಾಂಕವನ್ನೇ ಹಾಕಿ ಒದ್ದಾಡುವವರು ಬಹಳ ಮಂದಿ. ಅವರಿಗೆ ಬೇಕಾದದ್ದು `Forgot Password` ಮಾತ್ರ.

ದಾಖಲೆಯಲ್ಲೇ ದಿನಾಂಕ ತಪ್ಪಿದ್ದರೆ: ನನ್ನ ತಂಗಿ ಮಗಳ ಕತೆ

ಇದನ್ನು ಪೂರ್ತಿ ಹೇಳುತ್ತೇನೆ, ಮೇಲಿನ ಮಾತುಗಳೆಲ್ಲ ಇದರಲ್ಲಿ ಒಟ್ಟಿಗೆ ಬರುತ್ತವೆ. ಹುಟ್ಟಿದ್ದು 2007ರ ನವೆಂಬರ್ 4. ರೋಲ್ ನಂಬರ್ `0512044` ಎಂದಿಟ್ಟುಕೊಳ್ಳಿ. ಫಲಿತಾಂಶ ಬಂದ ಸಂಜೆ ಫೋನ್ ಮಾಡಿ, "ಮಾವ, ಐದು ಸಲ ಹಾಕಿದೆ, ಈಗ ಲಾಕ್ ಆಗಿದೆ ಅಂತ ಬರ್ತಿದೆ" ಎಂದಳು. ದನಿಯಲ್ಲಿ ಅಳು ಇತ್ತು.

ಪರದೆ ಮೇಲೆ ಅರ್ಧ ಗಂಟೆ ಬಿಟ್ಟು ಪ್ರಯತ್ನಿಸಿ ಎಂದಿತ್ತು. ಕಾದೆವು. ಆ ಹೊತ್ತಿನಲ್ಲಿ ಮೊದಲ ಸಲ ಬಂದ ಸಂದೇಶ ಏನು ಎಂದು ಕೇಳಿದೆ. `Record not found`. ಹಾಗಾದರೆ ದಿನಾಂಕದ ಮಾತು ಆಮೇಲೆ, ಮೊದಲು ನಂಬರ್ ನೋಡೋಣ ಎಂದೆ. ಹೇಗೆ ಹಾಕಿದೆ ಎಂದರೆ, ಹಾಲ್ ಟಿಕೆಟ್‌ನ ಪಿಡಿಎಫ್‌ನಿಂದ ಪೇಸ್ಟ್ ಮಾಡಿದೆ ಎಂದಳು. ಅರ್ಧ ಗಂಟೆಯಾದ ಮೇಲೆ, ಲಾಗಿನ್ ಬಟನ್ ಒತ್ತದೆ, ಅದನ್ನೇ ಮತ್ತೆ ಪೇಸ್ಟ್ ಮಾಡಿ ಬಾಕ್ಸ್‌ನಲ್ಲಿ ಏನು ಕಾಣುತ್ತದೆ ಓದು ಎಂದೆ. `051204` ಎಂದು ಓದಿದಳು. ಕೊನೆಯ 4 ಇರಲಿಲ್ಲ. ಮುಂದೆ ಖಾಲಿ ಜಾಗ ಸೇರಿ, ಕೊನೆಯ ಅಂಕಿ ಕತ್ತರಿಸಿ ಹೋಗಿತ್ತು. ಐದೂ ಸಲ ಅದೇ ತಪ್ಪು ಹೋಗಿತ್ತು.

ಕೈಯಲ್ಲಿ ಟೈಪ್ ಮಾಡಿದಳು, ಕ್ಯಾಲೆಂಡರ್‌ನಲ್ಲಿ ನವೆಂಬರ್ 4, 2007 ಆರಿಸಿದಳು. ಲಾಗಿನ್ ಆಗಲಿಲ್ಲ. ಆದರೆ ಸಂದೇಶ ಬದಲಾಗಿತ್ತು: `Date of Birth does not match`. ಅವಳಿಗೆ ನಿರಾಸೆಯಾಯಿತು, ನನಗೆ ಸಮಾಧಾನವಾಯಿತು. ನಂಬರ್ ಸಿಕ್ಕಿದೆ, ಇನ್ನು ಉಳಿದದ್ದು ದಿನಾಂಕ ಒಂದೇ.

ಅವಳ ಕ್ಲಾಸಿನವರಲ್ಲಿ ಯಾರಿಗೆ ಲಾಗಿನ್ ಆಗಿದೆ, ಯಾರಿಗೆ ಆಗಿಲ್ಲ, ಅವರು ತಿಂಗಳ ಮೊದಲ 12 ದಿನಗಳಲ್ಲಿ ಹುಟ್ಟಿದವರೇ ಎಂದಷ್ಟೇ ಕೇಳಿಸಿದೆ. ಪೂರ್ತಿ ದಿನಾಂಕ ಕೇಳಬೇಡ ಎಂದೆ, ಅದು ಅವರ ಪಾಸ್‌ವರ್ಡ್ ಇದ್ದ ಹಾಗೆ. ಉತ್ತರ ಸ್ಪಷ್ಟವಾಗಿತ್ತು. 12ರ ನಂತರ ಹುಟ್ಟಿದವರೆಲ್ಲ ಒಳಗೆ ಹೋಗಿದ್ದರು. ತೊಂದರೆ ಆದವರೆಲ್ಲ 12ರ ಒಳಗಿನವರು. ಇದು ಎಕ್ಸೆಲ್‌ನ ಕೆಲಸ ಎಂದು ನನಗೆ ಖಾತ್ರಿಯಾಯಿತು. ತಿಂಗಳನ್ನು ಮೊದಲು ಓದುವ ಸೆಟ್ಟಿಂಗ್ ಇರುವ ಕಂಪ್ಯೂಟರ್‌ನಲ್ಲಿ ಪಟ್ಟಿ ತೆರೆದರೆ 04/11/2007 ಏಪ್ರಿಲ್ 11 ಆಗುತ್ತದೆ. 25/11/2007 ದಿನಾಂಕವಾಗಿ ಅರ್ಥವಾಗದೆ ಬರೆದ ಹಾಗೇ ಉಳಿಯುತ್ತದೆ. ಹಾಗಾಗಿ ಅರ್ಧ ಕ್ಲಾಸಿಗೆ ಸರಿ, ಉಳಿದವರಿಗೆ ತಪ್ಪು.

ಮುಂದಿನ ಪ್ರಯತ್ನದಲ್ಲಿ ಏಪ್ರಿಲ್ 11, 2007 ಎಂದು ಆರಿಸು ಎಂದೆ. ತೆರೆಯಿತು.

ಅವಳು ಅಂಕ ನೋಡಿ ಫೋನ್ ಇಡಲು ಹೊರಟಳು. ನಾನು ಬಿಡಲಿಲ್ಲ. ತಪ್ಪು ದಿನಾಂಕ ಹಾಕಿ ಒಳಗೆ ಹೋದೆವು ಎಂದರೆ ದಾಖಲೆಯಲ್ಲಿ ತಪ್ಪು ದಿನಾಂಕ ಇದೆ ಎಂದೇ ಅರ್ಥ. ಅದೇ ದಿನಾಂಕ ಅಂಕಪಟ್ಟಿಯಲ್ಲಿ ಅಚ್ಚಾಗಬಹುದು. ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಪ್ರೊಫೈಲ್ ಪುಟದ ಸ್ಕ್ರೀನ್‌ಶಾಟ್ ತೆಗೆಸಿ, ಮರುದಿನವೇ ಜನನ ಪ್ರಮಾಣಪತ್ರದ ಪ್ರತಿ ಜೊತೆ ಕಚೇರಿಗೆ ಕಳಿಸಿದೆ. ಅರ್ಜಿಯಲ್ಲಿ ಒಂದು ಸಾಲು ಸೇರಿಸಲು ಹೇಳಿದ್ದೆ: 12ನೇ ತಾರೀಖಿನ ಒಳಗೆ ಹುಟ್ಟಿದ ಎಲ್ಲರ ದಿನಾಂಕವನ್ನೂ ದಯವಿಟ್ಟು ಪರಿಶೀಲಿಸಿ. ಆ ಸಾಲಿನಿಂದಾಗಿ ಕ್ಲಾಸಿನ ಉಳಿದವರದ್ದೂ ಸರಿಯಾಯಿತು. ತಿದ್ದಿದ ಮೇಲೆ ಲಾಗಿನ್‌ಗೂ ಸರಿಯಾದ ದಿನಾಂಕವನ್ನೇ ಹಾಕಬೇಕು ಎಂಬುದನ್ನು ಮರೆಯಬಾರದು.

ತಿರುಗಿಸಿ ಹಾಕಿದರೂ ಹೊಂದದಿದ್ದರೆ ಇನ್ನೊಂದು ಸಾಧ್ಯತೆ ಇದೆ, ದಾಖಲೆಯಲ್ಲಿ ಒಂದು ದಿನ ಹಿಂದಾಗಿರುವುದು. ಕೆಲವು ಸಾಫ್ಟ್‌ವೇರ್‌ಗಳು ಹುಟ್ಟಿದ ದಿನವನ್ನು ಆ ದಿನದ ಮಧ್ಯರಾತ್ರಿ ಎಂದು ಹಿಡಿದು, ಅದನ್ನು ಜಾಗತಿಕ ಸಮಯಕ್ಕೆ, ಅಂದರೆ ಗ್ರೀನ್‌ವಿಚ್‌ನ ಸಮಯಕ್ಕೆ ಬದಲಿಸಿ ಇಡುತ್ತವೆ. ಗ್ರೀನ್‌ವಿಚ್‌ಗಿಂತ ಗಡಿಯಾರ ಮುಂದಿರುವ ಜಾಗಗಳಲ್ಲಿ 4ನೇ ತಾರೀಖು ಶುರುವಾದಾಗ ಗ್ರೀನ್‌ವಿಚ್‌ನಲ್ಲಿ ಇನ್ನೂ 3ನೇ ತಾರೀಖು. ಹಾಗೆ ನಿಮ್ಮ ಹುಟ್ಟುಹಬ್ಬ ಒಂದು ದಿನ ಹಿಂದೆ ಸರಿಯುತ್ತದೆ. ಇಲ್ಲೂ ಅದೇ ಮಾತು: ಹಿಂದಿನ ದಿನ ಹಾಕಿ ತೆರೆದರೆ ಅಲ್ಲಿಗೆ ಬಿಡಬೇಡಿ, ದಾಖಲೆ ತಿದ್ದಿಸಿ. ಮತ್ತು ಈ ಪ್ರಯೋಗಗಳೆಲ್ಲ ನಿಮ್ಮ ಸ್ವಂತ ಖಾತೆಗೆ ಮಾತ್ರ.

ಇನ್ನು ಕೆಲವರಿಗೆ ಮನೆಯವರು ಹೇಳುವ ದಿನಾಂಕ ಒಂದು, ಶಾಲೆಗೆ ಸೇರಿಸುವಾಗ ಬರೆಸಿದ ದಿನಾಂಕ ಇನ್ನೊಂದು. ಪೋರ್ಟಲ್‌ನಲ್ಲಿ ಇರುವುದು ಸಾಮಾನ್ಯವಾಗಿ ಶಾಲೆಯ ದಾಖಲೆಯದ್ದು. ಹಿಂದಿನ ಅಂಕಪಟ್ಟಿಯಲ್ಲಿ ಯಾವುದಿದೆಯೋ ಅದನ್ನು ಮೊದಲು ಹಾಕಿ.

ಯೂಸರ್‌ನೇಮ್ ಮರೆತಿದ್ದರೆ

ಮೊದಲೇ ಒಂದು ಮಾತು. ಮರೆತೆ ಎಂದು ಹೊಸ ಖಾತೆ ತೆರೆಯಬೇಡಿ. ನಿಮ್ಮ ಅರ್ಜಿ, ಕಟ್ಟಿದ ಶುಲ್ಕ, ಹಾಲ್ ಟಿಕೆಟ್ ಎಲ್ಲ ಹಳೆಯ ಖಾತೆಗೆ ಅಂಟಿಕೊಂಡಿವೆ. ಹೊಸ ಖಾತೆಯಲ್ಲಿ ಅವು ಯಾವುವೂ ಕಾಣುವುದಿಲ್ಲ. ಒಂದೇ ಹೆಸರಿನಲ್ಲಿ ಎರಡು ಅರ್ಜಿ ಎಂದು ಎರಡೂ ತಡೆಹಿಡಿಯಲ್ಪಡುವ ಸಾಧ್ಯತೆಯೂ ಇದೆ.

ಯೂಸರ್‌ನೇಮ್ ಬಹುಪಾಲು ಸಲ ನೀವೇ ಇಟ್ಟ ಹೆಸರಾಗಿರುವುದಿಲ್ಲ. ಅದು ಅರ್ಜಿ ಸಂಖ್ಯೆ, ರಿಜಿಸ್ಟರ್ ನಂಬರ್, ಇಮೇಲ್ ಅಥವಾ ಮೊಬೈಲ್ ನಂಬರ್, ಇವುಗಳಲ್ಲಿ ಒಂದು. ಅರ್ಜಿ ತುಂಬಿದ ದಿನ ಬಂದ ಸಂದೇಶದಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಫೋನಿನ ಮೆಸೇಜ್‌ಗಳಲ್ಲಿ `Login ID`, `User ID`, `Application` ಎಂಬ ಪದಗಳನ್ನು ಹುಡುಕಿ. ಜಿಮೇಲ್‌ನ ಹುಡುಕಾಟ ಸುಮ್ನೆ ಮಾಡಿದರೆ ಸ್ಪ್ಯಾಮ್ ಮತ್ತು ಡಿಲೀಟ್ ಆದ ಮೇಲ್‌ಗಳನ್ನು ನೋಡುವುದಿಲ್ಲ. ಇಂಥ ಮೇಲ್ ಹೋಗಿ ಬೀಳುವುದೇ ಅಲ್ಲಿ. ಅದಕ್ಕೆ ಹೀಗೆ ಹುಡುಕಿ:

```
in:anywhere "User ID"
```

ಸಿಗದಿದ್ದರೆ ಬ್ರೌಸರ್‌ಗೆ ನೆನಪಿರಬಹುದು. ಹಿಂದೊಮ್ಮೆ ಲಾಗಿನ್ ಆಗಿದ್ದ ಕಂಪ್ಯೂಟರ್ ಅಥವಾ ಫೋನಿನಲ್ಲೇ ನೋಡಿ. ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ವಿಳಾಸದ ಜಾಗದಲ್ಲಿ `chrome://password-manager/passwords` ಎಂದು, ಫೈರ್‌ಫಾಕ್ಸ್‌ನಲ್ಲಿ `about:logins` ಎಂದು ಹಾಕಿದರೆ ಉಳಿಸಿಟ್ಟ ಪಟ್ಟಿ ತೆರೆಯುತ್ತದೆ. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ `Google Password Manager` ಇದೆ. ಅಲ್ಲಿ ಪೋರ್ಟಲ್‌ನ ಹೆಸರು ಹುಡುಕಿದರೆ ಯೂಸರ್‌ನೇಮ್ ಕಾಣುತ್ತದೆ.

ಇದೇ ಸೌಲಭ್ಯ ಒಮ್ಮೊಮ್ಮೆ ತೊಂದರೆಯನ್ನೂ ಕೊಡುತ್ತದೆ. ಮನೆಯಲ್ಲಿ ಅಣ್ಣನೂ ಅದೇ ಫೋನಿನಿಂದ ಅದೇ ಪೋರ್ಟಲ್ ಬಳಸಿದ್ದರೆ, ಬ್ರೌಸರ್ ನಿಮ್ಮ ರೋಲ್ ನಂಬರ್ ಪಕ್ಕದಲ್ಲಿ ಅಣ್ಣನ ಪಾಸ್‌ವರ್ಡ್ ತುಂಬಿಬಿಡುತ್ತದೆ. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಪರೀಕ್ಷಿಸುವಾಗ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು, ಎಲ್ಲವನ್ನೂ ಕೈಯಲ್ಲೇ ತುಂಬಿ.

ಕಡೆಗೆ `Forgot Username` ಲಿಂಕ್. ಅದು ಅರ್ಜಿಯಲ್ಲಿ ಕೊಟ್ಟ ಮೊಬೈಲ್‌ಗೋ ಇಮೇಲ್‌ಗೋ ಒಟಿಪಿ ಕಳಿಸುತ್ತದೆ. ಒಟಿಪಿ ಬರಲಿಲ್ಲ ಎಂದರೆ ಬಹಳ ಸಲ ಅದು ಬಂದಿರುತ್ತದೆ, ಬೇರೆಯವರ ಫೋನಿಗೆ. ಅರ್ಜಿಯಲ್ಲಿ ಅಪ್ಪನ ನಂಬರ್ ಕೊಟ್ಟಿದ್ದಿರಾ? ನಿಮಗಾಗಿ ಅರ್ಜಿ ತುಂಬಿಕೊಟ್ಟವರು ತಮ್ಮದೇ ಇಮೇಲ್ ಹಾಕಿದ್ದರಾ? ಅವರನ್ನು ಕೇಳಿ. ಅರ್ಜಿಯ ಪ್ರಿಂಟ್ ಇದ್ದರೆ ಅದರಲ್ಲೇ ಎರಡೂ ಇರುತ್ತವೆ. ಒಳಗೆ ಹೋದ ಕೂಡಲೇ ಪ್ರೊಫೈಲ್‌ನಲ್ಲಿ ನಿಮ್ಮ ಸ್ವಂತ ಮೊಬೈಲ್ ಮತ್ತು ಇಮೇಲ್ ಹಾಕಿ. ಕೊಟ್ಟಿದ್ದ ಸಿಮ್ ಈಗ ಇಲ್ಲವೇ ಇಲ್ಲ, ಇಮೇಲ್ ಕೂಡ ತೆರೆಯಲಾಗದು ಎಂದರೆ ಆನ್‌ಲೈನ್‌ನಲ್ಲಿ ಸಾಮಾನ್ಯವಾಗಿ ದಾರಿ ಇಲ್ಲ. ಗುರುತಿನ ಚೀಟಿ ಹಿಡಿದು ಕಚೇರಿಗೆ ಹೋಗಿ ನಂಬರ್ ಬದಲಿಸಿಕೊಳ್ಳಬೇಕು.

ಸಹಾಯ ಕೇಳುವಾಗ ಏನು ಬರೆಯಬೇಕು

"ಲಾಗಿನ್ ಆಗ್ತಿಲ್ಲ, ಸಹಾಯ ಮಾಡಿ" ಎಂದಷ್ಟೇ ಬರೆದ ಮೇಲ್‌ಗೆ ಉತ್ತರ ಕೊಡುವುದು ನನ್ನಂಥವರಿಗೆ ಕಷ್ಟವಾಗುತ್ತಿತ್ತು. ವಿವರ ಕೇಳಿ ನಾನು ಬರೆದು, ಅವರು ಮತ್ತೆ ಉತ್ತರಿಸುವಷ್ಟರಲ್ಲಿ ಎರಡು ದಿನ ಹೋಗುತ್ತಿತ್ತು. ಹೀಗೆ ಬರೆದರೆ ಒಂದೇ ಸಲಕ್ಕೆ ಮುಗಿಯುತ್ತದೆ:

"ನನ್ನ ರೋಲ್ ನಂಬರ್ ಹಾಲ್ ಟಿಕೆಟ್‌ನಲ್ಲಿರುವಂತೆ 0512044, ಏಳು ಅಂಕಿ, ಮೊದಲನೆಯದು ಸೊನ್ನೆ. ಹುಟ್ಟಿದ ದಿನಾಂಕ ಜನನ ಪ್ರಮಾಣಪತ್ರದಲ್ಲಿರುವಂತೆ 4 ನವೆಂಬರ್ 2007. ಇಂದು ಸಂಜೆ 6.40ಕ್ಕೆ ಕೈಯಲ್ಲೇ ಟೈಪ್ ಮಾಡಿ, ಇನ್‌ಕಾಗ್ನಿಟೊ ಕಿಟಕಿಯಲ್ಲಿ ಪ್ರಯತ್ನಿಸಿದೆ. Date of Birth does not match ಎಂದು ಬಂತು. ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ದಾಖಲೆಯಲ್ಲಿ ದಿನ ಮತ್ತು ತಿಂಗಳು ಅದಲುಬದಲಾಗಿದೆಯೇ ಎಂದು ದಯವಿಟ್ಟು ನೋಡಿ."

ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆಯಿರಿ, ಇಲ್ಲದಿದ್ದರೆ ದೂರಿನಲ್ಲೂ ಅದೇ ಗೊಂದಲ ಮರುಕಳಿಸುತ್ತದೆ. ಸಮಯ ಹಾಕಿದರೆ ಸರ್ವರ್‌ನ ದಾಖಲೆಯಲ್ಲಿ ನಿಮ್ಮ ಪ್ರಯತ್ನವನ್ನು ಹುಡುಕಿ, ಅಲ್ಲಿಗೆ ನಿಜವಾಗಿ ಏನು ತಲುಪಿತು ಎಂದು ನೋಡಲು ಅವರಿಗೆ ಸುಲಭ. ಈ ವಿವರಗಳನ್ನು ಪೋರ್ಟಲ್‌ನಲ್ಲೇ ಕೊಟ್ಟಿರುವ ವಿಳಾಸಕ್ಕೆ ಅಥವಾ ನಿಮ್ಮ ಕಚೇರಿಗೆ ಮಾತ್ರ ಕಳಿಸಿ, ಗೆಳೆಯರ ಗುಂಪುಗಳಲ್ಲಿ ಹಾಕಬೇಡಿ. ಪಾಸ್‌ವರ್ಡ್ ಮತ್ತು ಒಟಿಪಿ ಬರೆಯಲೇಬೇಡಿ. ದಾಖಲೆ ತಿದ್ದಲು ಕಚೇರಿಯವರಿಗೆ ಅವೆರಡೂ ಬೇಕಿಲ್ಲ.